ಜೋಮು ಹಿಡಿದ ಮನಸ್ಸು

(ತುಮಕೂರು, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಸಭೆಗಳಲ್ಲಿ ಹೊಡೆತದ ಬಗ್ಗೆ ಮಾತಾಡುತ್ತೇವೆ, ವರದಕ್ಷಿಣೆಯ ಬಗ್ಗೆ ಮಾತಾಡುತ್ತೇವೆ, ಕುಡಿತದ ಬಗ್ಗೆ ಮಾತಾಡುತ್ತೇವೆ. ಇವೆಲ್ಲ ಹೊರಗೆ ಕಾಣುವ ಸಂಕಟಗಳು. ಇವತ್ತು ನಾನು ಎತ್ತಿಕೊಂಡಿರುವ ವಿಷಯ ಹೊರಗೆ ಕಾಣುವಂಥದ್ದಲ್ಲ. ಸಭೆ ಮುಗಿದ ಮೇಲೆ, ಚಾಪೆ ಮಡಚುವಾಗ, ಪಕ್ಕಕ್ಕೆ ಬಂದು ಮೆಲ್ಲಗೆ ಹೇಳುವಂಥದ್ದು. "ಮೇಡಂ, ನಮ್ ಮನೆಯವ್ರು ಕೆಟ್ಟವರೇನಲ್ಲ. ಆದ್ರೆ ಅವರು ಬಂದ್ರೂ ಒಂದೇ, ಹೋದ್ರೂ ಒಂದೇ ಅನ್ನಿಸ್ತದೆ. ನಂಗೇನಾದ್ರೂ ಆಗಿದ್ಯಾ?" ಈ ಮಾತನ್ನು ಬೇರೆ ಬೇರೆ ಬಾಯಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಿದೆ. ನಿವೃತ್ತಿಯ ನಂತರ ಸಂಘಗಳ ಜೊತೆ ಕೂತು ಕೇಳಿಸಿಕೊಂಡದ್ದರಲ್ಲಿ ಈ ಪ್ರಶ್ನೆಯಷ್ಟು ನನ್ನನ್ನು ಯೋಚನೆಗೆ ಹಚ್ಚಿದ್ದು ಇನ್ನೊಂದಿಲ್ಲ.

ಯಾಕೆಂದರೆ ಇದಕ್ಕೆ ಊರಿನಲ್ಲಿ ಸಿಗುವ ಉತ್ತರಗಳು ಎರಡೇ. ದೊಡ್ಡವರು ಹೇಳುತ್ತಾರೆ, "ಮದುವೆಯಾಗಿ ಇಷ್ಟು ವರ್ಷ ಆದಮೇಲೆ ಪ್ರೀತಿ ಗೀತಿ ಏನೇ, ಮಕ್ಕಳ ಮುಖ ನೋಡು." ಟೀವಿ ಧಾರಾವಾಹಿ ನೋಡುವ ಹುಡುಗಿಯರು ಹೇಳುತ್ತಾರೆ, "ಪ್ರೀತಿ ಇಲ್ಲ ಅಂದ್ಮೇಲೆ ಯಾಕಿರ್ಬೇಕು ಅಕ್ಕ." ಕೇಳಿದವಳಿಗೆ ನಿಜವಾಗಿ ಏನಾಗಿದೆ ಎಂದು ಈ ಎರಡೂ ಉತ್ತರಗಳು ವಿಚಾರಿಸುವುದಿಲ್ಲ. ಅವಳಿಗೆ ಆಗಿರುವುದು ದಣಿವೋ, ಕಾಯಿಲೆಯೋ, ಹೆದರಿಕೆಯೋ, ಅಥವಾ ನಿಜಕ್ಕೂ ಗಂಡನ ಮೇಲಿನ ಪ್ರೀತಿಯೇ ಬತ್ತಿದೆಯೋ? ನಾಲ್ಕೂ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಮಾಡಬೇಕಾದ ಕೆಲಸ ಮಾತ್ರ ನಾಲ್ಕಕ್ಕೂ ಬೇರೆ.

ಬಹಳ ಹೊತ್ತು ಚಕ್ಕಂಬಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಆಗ ಚಿವುಟಿದರೂ ಗೊತ್ತಾಗುವುದಿಲ್ಲ. ಹಾಗಂತ ಕಾಲು ಸತ್ತಿಲ್ಲ. ಭಾರ ತೆಗೆದು ಚಾಚಿದರೆ ಸ್ವಲ್ಪ ಹೊತ್ತು ಚುಚ್ಚಿ ನೋಯುತ್ತದೆ, ಆಮೇಲೆ ಸ್ಪರ್ಶ ಮರಳುತ್ತದೆ. ಮನಸ್ಸಿಗೂ ಹೀಗೆ ಜೋಮು ಹಿಡಿಯುತ್ತದೆ. ಹೊತ್ತ ಭಾರಕ್ಕೆ ಬಿಡುವೇ ಇಲ್ಲದಾಗ ಮನಸ್ಸು ಮೊದಲು ಉಳಿತಾಯ ಮಾಡುವುದು ಭಾವನೆಯನ್ನೇ. ಅನ್ನ ಬೇಯಿಸುವುದನ್ನು ನಿಲ್ಲಿಸುವಂತಿಲ್ಲ, ಕಂತು ಕಟ್ಟುವುದನ್ನು ನಿಲ್ಲಿಸುವಂತಿಲ್ಲ, ಮಗುವಿಗೆ ಜ್ವರ ಬಂದರೆ ಏಳದೆ ಇರುವಂತಿಲ್ಲ. ನಿಲ್ಲಿಸಬಹುದಾದದ್ದು ಒಂದೇ, ಗಂಡನ ಜೊತೆ ಕೂತು ನಗುವುದು.

ಈ ದಣಿವಿನ ಬಗ್ಗೆ ಮೊದಲು ವೈದ್ಯಕೀಯವಾಗಿ ಬರೆದವರು 1974ರಲ್ಲಿ ನ್ಯೂಯಾರ್ಕಿನ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಬಡವರಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯದಲ್ಲಿ ಹುಮ್ಮಸ್ಸಿನಿಂದ ಬಂದ ಸ್ವಯಂಸೇವಕರು ಕೆಲ ಕಾಲದಲ್ಲೇ ಬರಿದಾಗಿ ಕೂರುವುದನ್ನು ಅವರು ನೋಡಿದರು, ಸ್ವತಃ ಅನುಭವಿಸಿದರು. ಅದಕ್ಕೆ 'ಬರ್ನ್ ಔಟ್' ಎಂದರು. ನಮ್ಮ ಮಾತಿನಲ್ಲಿ ಸುಟ್ಟು ಕರಕಲಾಗುವುದು. ಆಮೇಲೆ ಕ್ರಿಸ್ಟೀನಾ ಮ್ಯಾಸ್ಲಾಕ್ ಎಂಬ ಮನಶ್ಶಾಸ್ತ್ರಜ್ಞೆ ಇದರಲ್ಲಿ ಮೂರು ಅಂಶಗಳನ್ನು ಗುರುತಿಸಿದರು: ಮೈಮನಸ್ಸು ಬತ್ತುವುದು, ಎದುರಿಗಿರುವ ಮನುಷ್ಯರನ್ನು ಮನುಷ್ಯರಂತೆ ಕಾಣಲಾಗದೆ ಹೋಗುವುದು, ಏನು ಮಾಡಿದರೂ ಮಾಡಿದಂತಾಗಲಿಲ್ಲ ಅನ್ನಿಸುವುದು. ನನಗೆ ಇಲ್ಲಿ ಮುಖ್ಯವಾದದ್ದು ಎರಡನೆಯದು. ದಣಿದ ನರ್ಸು ರೋಗಿಯನ್ನು 'ಹದಿನಾರನೇ ಬೆಡ್ಡು' ಎಂದು ಕರೆಯುತ್ತಾಳೆ. ದಣಿದ ಹೆಂಡತಿಗೆ ಗಂಡ 'ಇನ್ನೊಂದು ತಟ್ಟೆ' ಆಗುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ತನ್ನ ಕಾಯಿಲೆಗಳ ವರ್ಗೀಕರಣದಲ್ಲಿ ಈ ಪದವನ್ನು ಉದ್ಯೋಗದ ಸ್ಥಳಕ್ಕೆ ಮಾತ್ರ ಬಳಸಬೇಕು ಎಂದಿದೆ. ನಸುಕಿಗೆ ಎದ್ದು ರಾತ್ರಿ ಹತ್ತರವರೆಗೆ ನಾವು ಮಾಡುವುದು ಉದ್ಯೋಗವಲ್ಲವಲ್ಲ! ಇರಲಿ, ಪುಸ್ತಕ ಒಪ್ಪದಿದ್ದರೂ ದಣಿವು ದಣಿವೇ.

ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಅವಳಿಗೆ ಮೂವತ್ತನಾಲ್ಕು ವರ್ಷ, ಎರಡು ಮಕ್ಕಳು, ಜೊತೆಗೆ ಅತ್ತೆ. ತುಮಕೂರಿನ ಕಡೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಏಳು ಗಂಟೆಗೆ ವ್ಯಾನು, ಮನೆಗೆ ಬರುವುದು ಸಂಜೆ ಏಳೂವರೆ. ಕೈಗೆ ಬರುತ್ತಿದ್ದದ್ದು ತಿಂಗಳಿಗೆ 11,000 ರೂಪಾಯಿಯ ಆಸುಪಾಸು. ಗಂಡ ಗಾರೆ ಕೆಲಸದವನು, ಕುಡಿಯುವುದಿಲ್ಲ, ಕೈಯೆತ್ತಿದವನಲ್ಲ. ಬೋರು ಕೊರೆಸಿ ನೀರು ಬಾರದೆ ಹೋದಾಗ ಎರಡು ಖಾಸಗಿ ಕಂಪನಿಗಳಿಂದ ತಲಾ 50,000 ಸಾಲ ಅವಳ ಹೆಸರಿನಲ್ಲೇ ಎತ್ತಿದ್ದರು. ವಾರಕ್ಕೆ ಒಂದೊಂದಕ್ಕೆ 610 ರೂಪಾಯಿ ಕಂತು, ಎರಡೂ ಬುಧವಾರವೇ. ಅಂದರೆ ಅವಳ ಸಂಬಳದ ಅರ್ಧದ ಹತ್ತಿರ ಕಂತಿಗೇ ಹೋಗುತ್ತಿತ್ತು. ಗುಂಪಿನ ಸಾಲ ಅಂದರೆ ನಿಮಗೆ ಗೊತ್ತೇ ಇದೆ. ಒಬ್ಬಳು ಕಟ್ಟದಿದ್ದರೆ ಒಂಬತ್ತು ಜನ ಅವಳ ಜಗಲಿಯ ಮೇಲೆ ಕೂರಬೇಕು.

ಅವಳು ಹೇಳಿದ್ದು ಹೀಗೆ: "ಅವರು ಹೂವು ತಂದ್ರು ಮೇಡಂ. ಮೊದ್ಲೆಲ್ಲ ಖುಷಿ ಆಗ್ತಿತ್ತು. ಮೊನ್ನೆ, ಇದನ್ನ ಕಟ್ಟೋಕೆ ಇನ್ನು ಹತ್ತು ನಿಮಿಷ ಬೇಕಲ್ಲಪ್ಪ ಅನ್ನಿಸ್ತು. ರಾತ್ರಿ ಕೈ ಹಿಡಿದ್ರೆ ಇನ್ನೊಂದು ಕೆಲಸ ಬಂತು ಅನ್ನಿಸ್ತದೆ. ನಂಗೆ ಅವರ ಮೇಲೆ ಪ್ರೀತಿ ಹೋಗ್ಬಿಟ್ಟಿದೆ." ಇಷ್ಟು ಹೇಳಿ ಅತ್ತಳು.

ಆ ಅಳುವನ್ನು ಗಮನಿಸಬೇಕು. ಪ್ರೀತಿ ಹೋಗಿದೆ ಎಂಬುದು ಅವಳಿಗೆ ದುಃಖ. ಕಳೆದುಹೋದದ್ದನ್ನು ಅವಳು ಇನ್ನೂ ಹುಡುಕುತ್ತಿದ್ದಾಳೆ. ಇದೊಂದು ಸುಳಿವು. ಆದರೆ ಒಂದೇ ಸುಳಿವಿನ ಮೇಲೆ ತೀರ್ಮಾನ ಮಾಡುವುದು ಬೇಡ. ನಾನು ಇನ್ನೊಂದು ಕೇಳಿದೆ: "ಗಂಡನ ಮೇಲೆ ಮಾತ್ರವೋ, ಬೇರೆ ಎಲ್ಲದರ ಮೇಲೂ ಹೀಗೆಯೋ?" ಅವಳು ಯೋಚಿಸಿದಳು. ಮಗಳು ಶಾಲೆಯಲ್ಲಿ ಬಹುಮಾನ ತಂದಾಗ ಏನೂ ಅನ್ನಿಸಲಿಲ್ಲವಂತೆ. ಗೌರಿಹಬ್ಬಕ್ಕೆ ತವರಿನಿಂದ ಬಾಗಿನ ಬಂದಾಗ ತೆಗೆದು ಮೂಲೆಗಿಟ್ಟಳಂತೆ. ತಂಗಿ ಫೋನ್ ಮಾಡಿದರೆ ಎತ್ತಲು ಬೇಸರ. ನೋಡಿ, ಜೋಮು ಇಡೀ ಮೈಗೆ ಹಿಡಿದಿದೆ, ಗಂಡನ ಕಡೆಯ ಪಕ್ಕಕ್ಕೆ ಮಾತ್ರವಲ್ಲ. ದಣಿವಿನಿಂದ ಬರುವ ಮರಗಟ್ಟುವಿಕೆ ಹೀಗೆ ಎಲ್ಲ ಕಡೆ ಹರಡುತ್ತದೆ. ಪ್ರೀತಿಯೇ ಬತ್ತಿದಾಗ ಅದು ಒಬ್ಬ ಮನುಷ್ಯನ ಸುತ್ತ ಮಾತ್ರ ಇರುತ್ತದೆ, ಉಳಿದ ಲೋಕ ಬಣ್ಣಬಣ್ಣವಾಗಿಯೇ ಇರುತ್ತದೆ.

ಆಮೇಲೆ ಅವಳ ಗೋಡೆಯ ಕ್ಯಾಲೆಂಡರಿನ ಮೇಲೆಯೇ ಒಂದು ಲೆಕ್ಕ ಇಟ್ಟೆವು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನೀವೂ ಮಾಡಬಹುದು. ಓದುಬರಹ ಬೇಕಿಲ್ಲ. ರಾತ್ರಿ ಮಲಗುವ ಮುಂಚೆ ಆ ದಿನದ ಚೌಕದಲ್ಲಿ ಮೂರು ಗುರುತು. ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದೆ ಎಂಬ ಅಂಕಿ. ದಿನ ತುಂಬಾ ಭಾರವಾಗಿತ್ತಾದರೆ ಒಂದು ಗೀಟು. ದಿನದಲ್ಲಿ ಒಂದು ಕ್ಷಣವಾದರೂ ಗಂಡನ ಕಡೆ ಮನಸ್ಸು ತಾನಾಗಿ ಹೊರಳಿತಾ, ಅಂದರೆ ಅವನಿಗೆ ಏನೋ ಹೇಳಬೇಕು ಅನ್ನಿಸಿತಾ, ಅವನ ಮಾತಿಗೆ ನಗು ಬಂತಾ, ಊಟ ಮಾಡಿದನೋ ಇಲ್ಲವೋ ಎಂದು ನೆನಪಾಯಿತಾ, ಹಾಗಿದ್ದರೆ ಒಂದು ಚುಕ್ಕಿ. ಕರ್ತವ್ಯಕ್ಕಾಗಿ ಮಾಡಿದ್ದಕ್ಕೆ ಚುಕ್ಕಿ ಇಲ್ಲ. ಬಡಿಸಿದ್ದಕ್ಕೆ ಇಲ್ಲ, ಬಟ್ಟೆ ಒಗೆದದ್ದಕ್ಕೆ ಇಲ್ಲ. ಮನಸ್ಸು ತಾನಾಗಿ ಹೋದದ್ದಕ್ಕೆ ಮಾತ್ರ. ಕನಿಷ್ಠ ನಾಲ್ಕು ವಾರ ಹೀಗೆ ಮಾಡಬೇಕು. ಒಂದು ವಾರ ನೋಡಿ ಏನೂ ಹೇಳಲಾಗದು, ಮುಟ್ಟಿನ ಮುಂಚಿನ ದಿನಗಳಲ್ಲಿ ಮನಸ್ಸು ಹೇಗೂ ಇಳಿಯುತ್ತದೆ.

ನಾಲ್ಕು ವಾರದ ಕೊನೆಗೆ ಆ ಹಾಳೆಯಲ್ಲಿ ಒಟ್ಟು ಐದು ಚುಕ್ಕಿ ಇದ್ದವು. ಕಡಿಮೆಯೇ. ಆದರೆ ಅವು ಎಲ್ಲಿದ್ದವು ಎಂಬುದನ್ನು ನೋಡಿ. ಮೂರು ಭಾನುವಾರಗಳಲ್ಲಿ ಇದ್ದವು. ಒಂದು ಗುರುವಾರ, ಅಂದರೆ ಕಂತು ಕಟ್ಟಿದ ಮರುದಿನ. ಇನ್ನೊಂದು ಅತ್ತೆ ಮಗಳ ಮನೆಗೆ ಹೋಗಿದ್ದ ದಿನ. ಸೋಮ, ಮಂಗಳ, ಬುಧ ಒಂದೂ ಇಲ್ಲ. ನಾಲ್ಕೂವರೆ, ಐದು ಗಂಟೆ ನಿದ್ದೆಯ ದಿನಗಳಲ್ಲಿ ಒಂದೂ ಇಲ್ಲ. ಏಳು ಗಂಟೆ ಮಲಗಿದ ಮರುದಿನಗಳಲ್ಲಿ ಇದ್ದವು. ಭಾರ ಸ್ವಲ್ಪ ಜಾರಿದ ಕಡೆಯಲ್ಲೆಲ್ಲ ಚುಕ್ಕಿ ಮೊಳೆತಿದೆ. ಅವಳ ಪ್ರೀತಿ ಸತ್ತಿರಲಿಲ್ಲ, ಸರದಿಗಾಗಿ ಕಾಯುತ್ತಿತ್ತು. ಪ್ರೀತಿ ನಿಜವಾಗಿ ಬತ್ತಿದ್ದರೆ ಭಾನುವಾರವೂ ಬುಧವಾರವೂ ಒಂದೇ ಥರ ಇರುತ್ತಿದ್ದವು.

ಇದರ ಜೊತೆಗೆ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಲು ಹೇಳಿದೆ. ಹಿಮೋಗ್ಲೋಬಿನ್ 8.4 ಬಂತು. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಇದಿದೆ. ಅಂದರೆ ಈ ಚಾಪೆಯ ಮೇಲೆ ಕೂತಿರುವವರಲ್ಲಿ ಅರ್ಧದಷ್ಟು ಜನರಿಗೆ ಇರಬಹುದು. ರಕ್ತವಿಲ್ಲದ ಮೈ ಮೆಟ್ಟಿಲು ಹತ್ತಲೇ ಏದುಸಿರು ಬಿಡುವಾಗ ಸರಸಕ್ಕೆ ಎಲ್ಲಿಂದ ಶಕ್ತಿ ತರುತ್ತದೆ? ಥೈರಾಯ್ಡ್ ಗ್ರಂಥಿ ನಿಧಾನವಾದರೂ ಹೀಗೆಯೇ. ಎಲ್ಲದರಲ್ಲೂ ಮಂಕು, ಮೈ ಊದುವುದು, ಚಳಿ, ಕೂದಲು ಉದುರುವುದು. ಅದನ್ನೂ ರಕ್ತ ಪರೀಕ್ಷೆಯಲ್ಲಿ ಕಂಡುಹಿಡಿಯಬಹುದು. ಗಂಡನ ಮೇಲಿನ ಪ್ರೀತಿ ಹೋಯಿತು ಎಂದು ನಿರ್ಧರಿಸುವ ಮೊದಲು ಈ ಎರಡು ಪರೀಕ್ಷೆ ಆಗಲೇಬೇಕು ಎಂಬುದು ನನ್ನ ಹಟ.

ಆಮೇಲೆ ಏನು ಮಾಡಿದರು? ದೊಡ್ಡದೇನಿಲ್ಲ. ಸಂಘದವರು ಕಡಿಮೆ ಬಡ್ಡಿಯ ಒಳಸಾಲ ಕೊಟ್ಟು ಒಂದು ಕಂಪನಿಯ ಬಾಕಿ ತೀರಿಸಿದರು. ಬುಧವಾರದ ಕಂತು ಅರ್ಧಕ್ಕೆ ಇಳಿಯಿತು. ವಸೂಲಿಗೆ ಬಂದವನು ಏರುದನಿಯಲ್ಲಿ ಮಾತಾಡುತ್ತಿದ್ದ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಸಾಲ ವಸೂಲಿಗೆ ಬೆದರಿಸುವುದು, ಕಿರುಕುಳ ಕೊಡುವುದು ಅಪರಾಧ ಎಂದು ಮಾಡಿದೆ ಎಂಬುದನ್ನು ಸಂಘದವರೇ ಅವನಿಗೆ ತಿಳಿಸಿದರು. ಗಂಡನ ಜೊತೆ ಅವಳೇ ಮಾತಾಡಿದಳು. 'ನಿಮ್ಮ ಮೇಲೆ ಪ್ರೀತಿ ಇಲ್ಲ' ಎನ್ನಲಿಲ್ಲ, ಕ್ಯಾಲೆಂಡರ್ ತೋರಿಸಿದಳು. ರಾತ್ರಿಯ ಪಾತ್ರೆ ಮತ್ತು ಬೆಳಗಿನ ನೀರು ಅವನ ಪಾಲಿಗೆ ಬಂದವು. ಅತ್ತೆ ಗೊಣಗಿದರು, ಈಗಲೂ ಗೊಣಗುತ್ತಾರೆ. ಅವಳಿಗೆ ದಿನಕ್ಕೆ ಒಂದೂವರೆ ಗಂಟೆ ನಿದ್ದೆ ಹೆಚ್ಚಿಗೆ ಸಿಕ್ಕಿತು. ಕಬ್ಬಿಣದ ಮಾತ್ರೆಯನ್ನು ಕಾಫಿ ಟೀ ಜೊತೆ ನುಂಗುತ್ತಿದ್ದಳು, ಅದನ್ನು ಬಿಟ್ಟು ನಿಂಬೆರಸದ ಜೊತೆ ತೆಗೆದುಕೊಳ್ಳಲು ಶುರು ಮಾಡಿದಳು. ಕಾಫಿ ಟೀ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಆರೇಳು ವಾರವಾದ ಮೇಲೆ ಒಂದು ದಿನ ಹೇಳಿದಳು, "ಅವರ ಹೆಬ್ಬೆರಳಿಗೆ ಕರಣೆ ತಾಗಿ ಕುಯ್ದಿತ್ತು ಮೇಡಂ. ನೋಡ್ದೆ. ಅಯ್ಯೋ ಅನ್ನಿಸ್ತು." ಆ 'ಅಯ್ಯೋ' ಆರು ತಿಂಗಳಿಂದ ಬಂದಿರಲಿಲ್ಲ. ಇದಕ್ಕೂ ಮುಂಚೆ, ನಾಲ್ಕನೇ ವಾರದಲ್ಲಿ, ಅವಳಿಗೆ ಗಂಡನ ಮೇಲೆ ವಿಪರೀತ ಸಿಟ್ಟು ಬಂದಿತ್ತು, ಇಷ್ಟು ವರ್ಷ ಪಾತ್ರೆ ಮುಟ್ಟಲಿಲ್ಲವಲ್ಲ ಎಂದು. ಜೋಮು ಬಿಡುವಾಗ ಕಾಲು ಚುಚ್ಚುವ ಹಾಗೆ ಅದು. ಆ ಸಿಟ್ಟನ್ನು ನೋಡಿ ಸಂಬಂಧ ಹಾಳಾಯಿತು ಎಂದುಕೊಳ್ಳಬಾರದು.

ಈಗ ಕುಣಿಗಲ್ ಕಡೆಯ ಇನ್ನೊಬ್ಬಳ ವಿಷಯ. ನಲವತ್ತೊಂದು ವರ್ಷ, ಸ್ವಂತ ಹೊಲಿಗೆ ಅಂಗಡಿ. ಸಾಲವಿಲ್ಲ. ಮಕ್ಕಳಿಬ್ಬರೂ ಹಾಸ್ಟೆಲ್ಲಿನಲ್ಲಿ. ಗಂಡ ಬೆಂಗಳೂರಿನಲ್ಲಿ ಕೆಲಸ, ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಾನೆ. ರಕ್ತ ಪರೀಕ್ಷೆ ಎಲ್ಲ ಸರಿಯಿತ್ತು. ನಿದ್ದೆ ಚೆನ್ನಾಗಿ ಬರುತ್ತದೆ. ಅಂಗಡಿಯ ಮಾತು ಬಂದರೆ ಕಣ್ಣರಳುತ್ತದೆ. ಅಕ್ಕನ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ನಗುತ್ತಾಳೆ. ಅವಳ ಕ್ಯಾಲೆಂಡರಿನಲ್ಲಿ ಎಂಟು ವಾರ ಒಂದು ಚುಕ್ಕಿಯೂ ಬೀಳಲಿಲ್ಲ. ದಸರಾ ರಜೆಯಲ್ಲಿ ಮೈಸೂರಿಗೆ ಹೋಗಿ ಬಂದರು, ಆಗಲೂ ಇಲ್ಲ.

ಅವಳಿಗೆ ಮದುವೆಯಾದ ಹೊಸದರಲ್ಲಿ ಪ್ರೀತಿ ಇತ್ತಾ ಎಂದು ಕೇಳಿದೆ. ಹಿರಿಯರು ನೋಡಿ ಮಾಡಿದ ಮದುವೆಗಳಲ್ಲಿ ಈ ಪ್ರಶ್ನೆ ಕೇಳಲೇಬೇಕು, ಇರದೇ ಇದ್ದದ್ದು ಬತ್ತುವುದು ಹೇಗೆ? ಇತ್ತು ಎಂದಳು. ಕುಣಿಗಲ್ ಕೆರೆ ಏರಿಯ ಮೇಲೆ ನಡೆದುಕೊಂಡು ಹೋಗುತ್ತಿದ್ದದ್ದನ್ನು ಹೇಳಿದಳು. ಆದರೆ ಹೇಳುವಾಗ ಮುಖದಲ್ಲಿ ಏನೂ ಬರಲಿಲ್ಲ, ಬೇರೆ ಯಾರದೋ ಮದುವೆಯ ಕಥೆ ಹೇಳಿದಂತಿತ್ತು. ಅಮೆರಿಕದ ಜಾನ್ ಗಾಟ್‌ಮನ್ ಎಂಬ ಸಂಶೋಧಕರು ದಂಪತಿಗಳನ್ನು ಕೂರಿಸಿ ಅವರ ಹಳೆಯ ಕಥೆಯನ್ನು ಹೇಳಿಸುತ್ತಿದ್ದರು. ಕಷ್ಟದಲ್ಲಿರುವ ಜೋಡಿಗಳಲ್ಲೂ ಹಳೆಯ ದಿನ ನೆನೆದಾಗ ಬೆಚ್ಚಗಾಗುವವರು ಒಂದು ರೀತಿ, ಹಳೆಯದೂ ತಣ್ಣಗಾಗಿರುವವರು ಇನ್ನೊಂದು ರೀತಿ ಎಂದು ಅವರು ಕಂಡರು. ಗುಬ್ಬಿಯವಳು ಮದುವೆಯ ಮೊದಲ ವರ್ಷದ ಕಥೆ ಹೇಳುವಾಗ ನಕ್ಕಿದ್ದಳು.

ಇವಳದ್ದು ಎಲ್ಲಿಂದ ಶುರುವಾಯಿತು? ಮದುವೆಯಾದ ನಾಲ್ಕನೇ ವರ್ಷ ಗಂಡ ಸೈಟಿಗೆ ಮುಂಗಡ ಕೊಡಬೇಕೆಂದು ಮಾವನನ್ನು ಹಣ ಕೇಳಿದ. ಬೈಯಲಿಲ್ಲ, ಹೊಡೆಯಲಿಲ್ಲ. "ನಿಮ್ಮ ಮಗಳಿಗೇ ತಾನೆ" ಎಂದ. ಅವಳಪ್ಪ ಅರ್ಧ ಎಕರೆ ರಾಗಿ ಹೊಲ ಮಾರಿ ಕೊಟ್ಟರು. ಸೈಟು ಗಂಡನ ಹೆಸರಿಗೆ ಮಾತ್ರ ಆಯಿತು. ಅಪ್ಪ ಕಾಯಿಲೆ ಬಿದ್ದಾಗ ಆಸ್ಪತ್ರೆಯ ಖರ್ಚಿಗೆ ಸ್ವಲ್ಪ ಕೇಳಿದರೆ, "ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ" ಅಂದ. ಮದುವೆಯ ನಂತರ ಕೇಳಿ ತೆಗೆದುಕೊಂಡದ್ದೂ ವರದಕ್ಷಿಣೆಯೇ ಎಂಬುದು 1961ರ ಕಾಯಿದೆಯ ಮಾತು, ಆದರೆ ಅವಳ ಮನೆಯಲ್ಲಿ ಯಾರೂ ಅದನ್ನು ಆ ಹೆಸರಿನಿಂದ ಕರೆದಿರಲಿಲ್ಲ. ಎರಡು ಮೂರು ವರ್ಷ ಅವಳು ಇದಕ್ಕಾಗಿ ಜಗಳವಾಡಿದಳು, ಅತ್ತಳು, ಮಾತು ಬಿಟ್ಟಳು. ಆಮೇಲೆ ಒಂದು ದಿನ ಜಗಳ ನಿಂತಿತು. ಮನೆಯವರು ಸಂಸಾರ ಸರಿಹೋಯಿತು ಎಂದುಕೊಂಡರು.

ನಾನು ಕೇಳಿದೆ, "ಈಗಲೂ ಕೋಪ ಬರುತ್ತಾ?" ಅವಳೆಂದಳು, "ಕೋಪಾನೂ ಇಲ್ಲ ಮೇಡಂ. ಬಾಡಿಗೆಗಿರೋರು ಬಂದು ಹೋದ ಹಾಗೆ." ಮುನಿಸಿನಲ್ಲಿ ಬಿಸಿಯಿರುತ್ತದೆ, ಬಿಸಿಯಿದ್ದರೆ ಒಲೆ ಆರಿಲ್ಲ. ಬೈಯುವ ಹೆಂಡತಿಯ ಬಗ್ಗೆ ನನಗೆ ಚಿಂತೆ ಕಡಿಮೆ. ಬೈಯುವುದನ್ನು ಬಿಟ್ಟು, ಅಳುವುದನ್ನು ಬಿಟ್ಟು, ಇಲ್ಲದ ಪ್ರೀತಿಗಾಗಿ ದುಃಖವನ್ನೂ ಬಿಟ್ಟು ನೆಮ್ಮದಿಯಾಗಿ ಕೂತವಳಲ್ಲಿ ಪ್ರೀತಿ ಬಹುಮಟ್ಟಿಗೆ ಮುಗಿದಿರುತ್ತದೆ. ಅವಳ ಉಳಿದ ಬದುಕು ಚಿಗುರಿಕೊಂಡಿದ್ದು ಅವನ ಕಡೆಯ ಕೊಂಬೆ ಮಾತ್ರ ಒಣಗಿದ್ದರೆ ಇನ್ನೂ ಖಚಿತ.

ಈ ಎರಡು ಉದಾಹರಣೆಗಳನ್ನು ಕೇಳಿ, ಇದೊಂದು ಸುಲಭದ ತಕ್ಕಡಿ ಎಂದುಕೊಳ್ಳಬೇಡಿ. ಹೆಚ್ಚಿನವರು ಇವೆರಡರ ನಡುವೆ ಎಲ್ಲೋ ಇರುತ್ತಾರೆ. ದಣಿವಿಗೆ ಕಾರಣ ಗಂಡನೇ ಆಗಿದ್ದು, ಅವನು ವರ್ಷಗಟ್ಟಲೆ ಕೈಕಟ್ಟಿ ನೋಡುತ್ತಾ ಕೂತರೆ ದಣಿವೇ ನಿಧಾನವಾಗಿ ಪ್ರೀತಿಯನ್ನು ತಿಂದುಹಾಕುತ್ತದೆ. ಗುಬ್ಬಿಯವಳ ಗಂಡ ಪಾತ್ರೆ ತೊಳೆಯಲು ಒಪ್ಪದೆ ಇದ್ದಿದ್ದರೆ ಹತ್ತು ವರ್ಷದಲ್ಲಿ ಅವಳೂ ಕುಣಿಗಲಿನವಳ ಜಾಗಕ್ಕೆ ಬರಬಹುದಿತ್ತು. ಹಾಗಾಗಿ ಭಾರ ಇಳಿಸಿ ನೋಡುವುದು ಒಂದು ಪರೀಕ್ಷೆಯೂ ಹೌದು, ಚಿಕಿತ್ಸೆಯೂ ಹೌದು. ಎರಡು ಮೂರು ತಿಂಗಳು ನಿಜವಾಗಿ ಭಾರ ಇಳಿದ ಮೇಲೂ ಚುಕ್ಕಿ ಬೀಳದಿದ್ದರೆ ಆಗ ಬೇರೆ ಯೋಚನೆ ಮಾಡಬೇಕು. ಭಾರ ಇಳಿದೇ ಇಲ್ಲದಿದ್ದರೆ ಪರೀಕ್ಷೆ ನಡೆದೇ ಇಲ್ಲ ಎಂದರ್ಥ.

ಖಿನ್ನತೆ ಎಂಬ ಕಾಯಿಲೆಯನ್ನೂ ಮರೆಯಬಾರದು. ಎರಡು ವಾರಕ್ಕೂ ಹೆಚ್ಚು ಕಾಲ, ಹೆಚ್ಚುಕಡಿಮೆ ದಿನವೆಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಮನಸ್ಸು ಕುಸಿದಿದೆ, ನಸುಕಿನಲ್ಲೇ ಎಚ್ಚರವಾಗುತ್ತದೆ, ಊಟ ಸೇರುವುದಿಲ್ಲ, ಬದುಕಿದ್ದು ಏನು ಪ್ರಯೋಜನ ಅನ್ನಿಸುತ್ತದೆ ಎಂದಾದರೆ ಕ್ಯಾಲೆಂಡರ್ ಹಿಡಿದು ಕೂರಬೇಡಿ, ವೈದ್ಯರ ಹತ್ತಿರ ಹೋಗಿ. ದಣಿವು ಭಾನುವಾರ ಸ್ವಲ್ಪ ಸಡಿಲುತ್ತದೆ. ಖಿನ್ನತೆಗೆ ಭಾನುವಾರವಿಲ್ಲ. ಅದು ಹಳೆಯ ನೆನಪುಗಳಿಗೂ ಮಸಿ ಬಳಿಯುತ್ತದೆ, ಎಂದೂ ಪ್ರೀತಿ ಇರಲೇ ಇಲ್ಲ ಎಂದು ನಂಬಿಸುತ್ತದೆ. ಆದ್ದರಿಂದ ಆ ಸ್ಥಿತಿಯಲ್ಲಿ ಮದುವೆಯ ಬಗ್ಗೆ ದೊಡ್ಡ ತೀರ್ಮಾನ ಬೇಡ. ಹೆರಿಗೆಯಾದ ಮೊದಲ ವರ್ಷದಲ್ಲಂತೂ ಇದನ್ನು ಬಾಣಂತಿಯ ಸೋಮಾರಿತನ ಎಂದು ತಳ್ಳಿಹಾಕುತ್ತಾರೆ, ಅದು ಅನ್ಯಾಯ. 14416 ಎಂಬ ನಂಬರಿಗೆ ಫೋನ್ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ ಕನ್ನಡದಲ್ಲೇ ಸಿಗುತ್ತದೆ, ಹಗಲು ರಾತ್ರಿ, ಹಣವಿಲ್ಲದೆ. 2022ರಲ್ಲಿ ಶುರುವಾದದ್ದು. ಮನೋಚೈತನ್ಯ ಎಂಬ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ದಿನ ಮನೋವೈದ್ಯರು ಬರುವ ಏರ್ಪಾಡಿದೆ. ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿಕೊಂಡು ಹೋಗಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಕೆಲವರಿಗೆ ಭಾವನೆ ಮಂಕಾಗುವುದುಂಟು. ಹಾಗಾದರೆ ವೈದ್ಯರಿಗೆ ಹೇಳಿ, ಅವರು ಬದಲಿಸಿ ಕೊಡುತ್ತಾರೆ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಇನ್ನು ನಮ್ಮ ಈ ಪತ್ರಿಕೆಯ ಓದುಗರಿಗೆ ಹೇಳಲೇಬೇಕಾದ ಒಂದು ಮಾತು. ಹೆದರಿಕೆಯಿಂದಲೂ ಮನಸ್ಸು ಮರಗಟ್ಟುತ್ತದೆ. ಹೊಡೆತ ತಿನ್ನುವವಳು ಹೊಡೆಯುವಾಗ ನೋವೇ ಆಗುವುದಿಲ್ಲ, ಎಲ್ಲೋ ದೂರದಿಂದ ನೋಡಿದಂತಿರುತ್ತದೆ ಎನ್ನುತ್ತಾಳಲ್ಲ, ಅದೇ. ಆಮೆ ಚಿಪ್ಪಿನೊಳಗೆ ತಲೆ ಎಳೆದುಕೊಂಡಂತೆ. ಇದನ್ನು ದಣಿವು ಎಂದೋ ಪ್ರೀತಿ ಕಡಿಮೆಯಾದದ್ದೆಂದೋ ತಿಳಿದು, "ಸ್ವಲ್ಪ ವಿಶ್ರಾಂತಿ ತಗೋ, ಸರಿಹೋಗ್ತದೆ" ಎಂದು ಅವಳನ್ನು ಮತ್ತೆ ಅದೇ ಮನೆಗೆ ಕಳಿಸುವುದು ಅಪಾಯ. ನಾನು ಗುರುತಿಸಲು ಒಂದು ಪ್ರಶ್ನೆ ಕೇಳುತ್ತೇನೆ. ಸಂಜೆ ಅವನ ಬೈಕಿನ ಸದ್ದು ಕೇಳಿದಾಗ ಮೊದಲು ನಿನ್ನ ಮೈಗೆ ಏನಾಗುತ್ತದೆ? ದಣಿದವಳು, "ಅಯ್ಯೋ ಇನ್ನೂ ಮುದ್ದೆ ಕಟ್ಟಿಲ್ಲ ಅನ್ನಿಸ್ತದೆ" ಎನ್ನುತ್ತಾಳೆ. ಪ್ರೀತಿ ಬತ್ತಿದವಳಿಗೆ ಏನೂ ಆಗುವುದಿಲ್ಲ, ಬೀದಿಯಲ್ಲಿ ಯಾರದೋ ಬೈಕು ಹೋದಷ್ಟೇ. ಹೆದರಿದವಳ ಹೊಟ್ಟೆ ಹಿಡಿದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ, ಮಕ್ಕಳು ಸುಮ್ಮನಾಗುತ್ತವೆ. ಮಕ್ಕಳು ಸುಮ್ಮನಾಗುತ್ತವಾ ಎಂದು ಖಂಡಿತ ಕೇಳಿ, ತಾಯಿ ಮುಚ್ಚಿಟ್ಟರೂ ಅದು ಸುಳ್ಳು ಹೇಳುವುದಿಲ್ಲ. ಹಾಗಿದ್ದರೆ ಚುಕ್ಕಿ ಹಾಕುವ ಕೆಲಸ ಬೇಡ. ಆ ಕ್ಯಾಲೆಂಡರ್ ಅವನ ಕೈಗೆ ಸಿಕ್ಕರೆ ಅದೇ ಇನ್ನೊಂದು ಹೊಡೆತಕ್ಕೆ ಕಾರಣವಾದೀತು. 181 ಮಹಿಳಾ ಸಹಾಯವಾಣಿ, ತುರ್ತಿಗೆ 112, ಮತ್ತು 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಡಿ ನೇಮಕವಾದ ಸಂರಕ್ಷಣಾಧಿಕಾರಿ, ದಾರಿ ಅದು. ಮನೆ ಅವನ ಹೆಸರಿನಲ್ಲೇ ಇದ್ದರೂ ಜೊತೆಯಾಗಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಹೆಂಡತಿಗೆ ಆ ಕಾಯಿದೆಯಲ್ಲಿದೆ.

ಕುಣಿಗಲಿನವಳು ಏನು ಮಾಡಿದಳು ಎಂದು ನೀವು ಕೇಳುತ್ತೀರಿ. ವಿಚ್ಛೇದನಕ್ಕೆ ಹೋಗಲಿಲ್ಲ. ಹೋಗಬಹುದಿತ್ತು, ಇಬ್ಬರೂ ಒಪ್ಪಿದರೆ ಹಿಂದೂ ವಿವಾಹ ಕಾಯಿದೆಯಲ್ಲಿ ಒಂದು ವರ್ಷ ಬೇರೆಯಿದ್ದ ಮೇಲೆ ಅರ್ಜಿ ಹಾಕುವ ದಾರಿ ಇದೆ. ಅವಳು ಮೊದಲು ಅಂಗಡಿಯ ಪರವಾನಗಿ, ಬ್ಯಾಂಕಿನ ಖಾತೆ ಎಲ್ಲವೂ ತನ್ನ ಹೆಸರಿನಲ್ಲೇ ಇವೆಯೇ ಎಂದು ನೋಡಿಕೊಂಡಳು. ಆಮೇಲೆ ಒಂದು ಭಾನುವಾರ ಗಂಡನಿಗೆ ಹೇಳಿದಳು, ಅಪ್ಪನ ಹೊಲದ ವಿಷಯದಿಂದ ಹಿಡಿದು. ಅವನಿಗೆ ಆ ಹೊಲ ನೆನಪೇ ಇರಲಿಲ್ಲವಂತೆ. "ಅಷ್ಟು ವರ್ಷದ್ದು ಈಗ್ಯಾಕೆ" ಅಂದನಂತೆ. ಮುಂದಿನ ವಾರ ಬಂದವನು ಸೈಟಿನಲ್ಲಿ ಅವಳ ಹೆಸರು ಸೇರಿಸುವ ಮಾತಾಡಿದ. ಅದಕ್ಕೆ ಅವಳು ಒಪ್ಪಿದಳು, ಕಾಗದ ನಡೆಯುತ್ತಿದೆ. ಪ್ರೀತಿ ಬಂತಾ ಎಂದು ನಾನು ಕೇಳಿದೆ. "ಇಲ್ಲ ಮೇಡಂ. ಆದ್ರೆ ಮೊನ್ನೆ ಅವರ ಮೇಲೆ ಸ್ವಲ್ಪ ಕೋಪ ಬಂತು" ಎಂದು ನಕ್ಕಳು. ಅದನ್ನು ಯಾವ ಲೆಕ್ಕಕ್ಕೆ ಹಾಕಬೇಕೋ ನನಗಿನ್ನೂ ತಿಳಿದಿಲ್ಲ. ಕ್ಯಾಲೆಂಡರ್ ಮುಂದುವರಿಸಿ ಎಂದಿದ್ದೇನೆ.

ಇಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ, ಗಂಡನಿಗೇ ನನ್ನ ಮೇಲೆ ಹೀಗಾಗಿದ್ದರೆ ಎಂದು. ಗುರುತುಗಳು ಅವೇ. ಅವನಿಗೆ ಸಾಲವೆಷ್ಟಿದೆ, ಅದರಲ್ಲಿ ನಿಮಗೆ ಹೇಳದೆ ಇರುವುದೆಷ್ಟು, ರಾತ್ರಿ ಎಷ್ಟು ಹೊತ್ತು ಎಚ್ಚರವಿರುತ್ತಾನೆ, ದನಕರು ಗೆಳೆಯರ ಮೇಲಾದರೂ ಅಕ್ಕರೆ ಉಳಿದಿದೆಯಾ, ಇವನ್ನು ಮೊದಲು ನೋಡಿ. ಅವನು ಕುಡಿಯುತ್ತಿದ್ದರೆ ಕುಡಿತ ನಿಲ್ಲುವವರೆಗೆ ಬೇರೆ ಯಾವುದನ್ನೂ ಅಳೆಯಲಾಗುವುದಿಲ್ಲ.